ನನ್ನ ಕೇಳಲಾರದ ಯಾರಿಗೂ ಕೊಡಬ್ಯಾಡ್ರಿ

ಮಾಸ್ತರರು ಹೂಂ ಅಂದರು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಟೈಪಿಂಗ್ ಕ್ಲಾಸಿನ ಎಂಟು ಯಂತ್ರಗಳು ಒಮ್ಮೆಲೇ ಕುಟ್ಟುತ್ತಿದ್ದರೂ ಆ ಹೂಂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಇಷ್ಟು ವರ್ಷಗಳ ಮೇಲೆ ಯಾರಾದರೂ ಹೂಂ ಅಂದರೆ ಸಾಕು, ನಾನು ಅವರ ಮುಖ ನೋಡುತ್ತೇನೆ. ಹೆಂಡತಿ ಬೈಯುತ್ತಾಳೆ, ಮಕ್ಕಳು ನಗುತ್ತಾರೆ. ಇರಲಿ.

ಎಪ್ಪತ್ತರ ದಶಕದ ನಡುವಿನ ಮಾತಿದು. ವಿಜಯಪುರಕ್ಕೆ ಆಗ ಬಿಜಾಪುರ ಎಂದೇ ಹೆಸರು. ನಾನು ತಿಕೋಟಾದಿಂದ ಬೆಳಗಿನ ಬಸ್ಸಿಗೆ ಬಂದು, ಪೇಟೆಯ ಒಂದು ಎಣ್ಣೆ ಮಿಲ್ಲಿನ ಕಚೇರಿಯಲ್ಲಿ ಕಾರಕೂನಿಕೆ ಮಾಡಿ, ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ನಮ್ಮ ಮನೆತನದಲ್ಲಿ ಕುರಿಯ ಹಿಂದೆ ಹೋಗದೆ ಕುರ್ಚಿಯ ಮೇಲೆ ಕೂತವನು ನಾನೇ ಮೊದಲು. ಆ ಕುರ್ಚಿ ಬಿಡಬೇಕೆಂದು ನನಗೆ ಎರಡೇ ವರ್ಷದಲ್ಲಿ ಅನಿಸಿತ್ತು. ಕಾರಣ ನಮ್ಮ ಸಾವಕಾರರ ಬಾಯಿ. ಅವರು ಕೈ ಎತ್ತಿದವರಲ್ಲ, ಕೆಟ್ಟ ಬೈಗಳ ಬೈದವರೂ ಅಲ್ಲ. ಒಬ್ಬನಲ್ಲಿ ಎಲ್ಲಿ ಹುಣ್ಣಿದೆ ಎಂದು ಹುಡುಕಿ, ಹತ್ತು ಮಂದಿಯ ಮುಂದೆ ಅಲ್ಲೇ ಬೆರಳಿಡುವ ಚಟ ಅವರಿಗೆ. ನಾನು ಒಳಗೆ ಬಂದರೆ ಮೂಗಿಗೆ ಧೋತರದ ಚುಂಗು ಹಿಡಿದು, 'ಕುರಿ ಬಂದ್ವು, ಬಾಗಿಲ ಹಾಕ್ರಿ' ಅನ್ನುತ್ತಿದ್ದರು. ಹಮಾಲರು ನಗುತ್ತಿದ್ದರು. ನಾನೂ ನಗಬೇಕಿತ್ತು.

ಹಾಗಾಗಿ ಒಂದು ಸಂಜೆ ಮಾಸ್ತರರ ಬಳಿ ಹೋದೆ. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರು ಟೈಪಿಂಗ್ ಕ್ಲಾಸ್ ತೆಗೆದಿದ್ದರು. ಆ ಬೋರ್ಡಿನ ಕೆಳಗೇ 'ನೌಕರಿ ಕೊಡಿಸಲಾಗುವುದು' ಎಂಬ ಇನ್ನೊಂದು ಸಣ್ಣ ಬೋರ್ಡು ತೂಗುತ್ತಿತ್ತು. ಸೊಲ್ಲಾಪುರ, ಹುಬ್ಬಳ್ಳಿ, ಬಾಗಲಕೋಟೆಯ ಕಂಪನಿಗಳು, ಸೊಸೈಟಿಗಳು, ಪೇಟೆಯ ವ್ಯಾಪಾರಿಗಳು ಆಳು ಬೇಕಾದಾಗ ಅವರಿಗೆ ಹೇಳಿ ಕಳಿಸುತ್ತಿದ್ದರು. ಮಾಸ್ತರರು ನಮ್ಮಂಥವರ ಬಯೋಡೇಟಾ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಕಾರ್ಬನ್ ಹಾಕಿ ಐದು ಪ್ರತಿ ತೆಗೆದು, ಬೇಕೆಂದವರಿಗೆ ಕಳಿಸುವರು. ಕೆಲಸ ಸಿಕ್ಕರೆ ಮೊದಲ ಪಗಾರದಲ್ಲಿ ಅವರದೊಂದು ಪಾಲು.

'ಮಾಸ್ತರ, ಒಂದ ಮಾತು,' ಅಂದೆ. 'ನನ್ನ ಕೇಳಲಾರದ ಇದನ್ನ ಯಾರಿಗೂ ಕೊಡಬ್ಯಾಡ್ರಿ. ಇಂಥಾ ಕಡಿಂದ ಕೇಳ್ಯಾರ ಅಂತ ಮೊದಲ ನನಗ ಹೇಳ್ರಿ. ನಾ ಹೂಂ ಅಂದ ಮ್ಯಾಲೆ ಕಳಸ್ರಿ.'

'ನಿಮ್ಮ ಸಾವಕಾರ್ರಿಗೆ ಗೊತ್ತಾಗಬಾರದು. ಅಷ್ಟ ಹೌದಿಲ್ಲೋ?'

'ಅಷ್ಟ ಅಲ್ರಿ. ಯಾರಿಗೂ ಅಂದೆ.'

'ಹೂಂ,' ಅಂದರು. ಐದೂ ಪ್ರತಿಗಳನ್ನು ಒಂದು ಕಾಗದದ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟರು. ಏನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಿರಿ ಎನ್ನಲು ನನಗೆ ನಾಚಿಕೆಯಾಯಿತು. ಪಾಠ ಕಲಿಸುವ ಮನುಷ್ಯನಿಗೆ ಪಾಠ ಹೇಳುವುದೇ?

ಇನ್ನು ನಮ್ಮ ಕಚೇರಿಯ ಮಾತು. ಹೆಸರಿಗೆ ಅದು ಒಂದು ಕಚೇರಿ. ಬಾಗಿಲ ಮೇಲೆ ನಾಲ್ಕು ಬೋರ್ಡು. ಎಣ್ಣೆಗೊಂದು, ಕುಸುಬಿ ಖರೀದಿಗೊಂದು, ಲಾರಿಗೊಂದು. ಕಿರಿಯ ಮಗ ಮೆಟ್ರಿಕ್ ಫೇಲಾದ ಮೇಲೆ ಅವನ ಹೆಸರಲ್ಲಿ ದನದ ಹಿಂಡಿ ವ್ಯಾಪಾರಕ್ಕೆಂದು ನಾಲ್ಕನೆಯದು. ಪೇಟೆಯಲ್ಲಿ ಇದು ಹೊಸದೇನಲ್ಲ. ಮಗ ಹುಟ್ಟಿದರೆ ತೊಟ್ಟಿಲ, ಮಗ ಬೆಳೆದರೆ ಬೋರ್ಡು ಎಂದು ನಾವು ನಗೆಯಾಡುತ್ತಿದ್ದೆವು. ಹೆಸರು ನಾಲ್ಕಾದರೂ ಗಾದಿ ಒಂದೇ, ಟಪಾಲು ಬಂದು ಬೀಳುವುದು ಒಂದೇ ಕಡೆ, ಆ ಟಪಾಲು ಒಡೆಯುವವನು ನಾನೊಬ್ಬನೇ.

ನನ್ನೆದುರಿನ ಮೇಜಿಗೆ ಒಬ್ಬ ಹಿರಿಯ ಗುಮಾಸ್ತರು ಕೂಡುತ್ತಿದ್ದರು. ಬಬಲೇಶ್ವರದವರು. ಅವರನ್ನು ನಾನು ಕಾಕಾ ಅನ್ನುತ್ತಿದ್ದೆ. ಇಪ್ಪತ್ತು ವರ್ಷದಿಂದ ಅದೇ ಮೇಜು, ಅದೇ ಮಸಿಕುಡಿಕೆ. ನಾನು ಸೇರಿದಾಗ ನನಗೆ ಬರುತ್ತಿದ್ದ ಇಂಗ್ಲಿಷು ಪರೀಕ್ಷೆ ಬರೆಯಲಿಕ್ಕೆ ಸಾಕಾಗುವಷ್ಟೇ ಇತ್ತು. ಮುಂಬೈ ದಲಾಲರಿಗೆ ಪತ್ರ ಹೇಗೆ ಬರೆಯಬೇಕು, ಬಂದ ಪತ್ರವನ್ನು ಸಾವಕಾರರಿಗೆ ಕನ್ನಡದಲ್ಲಿ ಹೇಗೆ ಓದಿ ಹೇಳಬೇಕು, ಎಲ್ಲ ಕಲಿಸಿದವರು ಕಾಕಾ. 'ಒಂದ ಅಕ್ಷರ ಬಿಡಬ್ಯಾಡ ತಮ್ಮಾ, ಒಂದ ಅಕ್ಷರ ಕೂಡಿಸಬ್ಯಾಡ,' ಅನ್ನುತ್ತಿದ್ದರು. ಆ ಕಚೇರಿಯಲ್ಲಿ ಇಂಗ್ಲಿಷು ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಸಾವಕಾರರಿಗೆ ಇಂಗ್ಲಿಷಿನಲ್ಲಿ ತಿಳಿಯುತ್ತಿದ್ದದ್ದು ಅಂಕಿಗಳು ಮಾತ್ರ.

ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ನನ್ನ ಸಜ್ಜೆ ರೊಟ್ಟಿ, ಅವರ ಜೋಳದ ರೊಟ್ಟಿ, ನಡುವೆ ಗುರೆಳ್ಳ ಹಿಂಡಿಯ, ಅಂದರೆ ಚಟ್ನಿಪುಡಿಯ, ಒಂದು ಡಬ್ಬಿ. ಅವರ ಹೆಂಡತಿಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಬೆಳಗ್ಗೆ ನಾಲ್ಕಕ್ಕೆದ್ದು ತಾವೇ ರೊಟ್ಟಿ ಬಡಿದು, ಹೆಂಡತಿಗೆ ಉಣಿಸಿ, ಅವಳನ್ನು ನೆರೆಮನೆಯವರಿಗೆ ಒಪ್ಪಿಸಿ ಬಸ್ಸು ಹಿಡಿಯುತ್ತಿದ್ದರು. ನಾನು ಬೇರೆ ನೌಕರಿ ಹುಡುಕುತ್ತಿದ್ದೇನೆಂದು ಅವರಿಗೆ ನಾನು ಹೇಳಲಿಲ್ಲ. ಅವರೂ ನನಗೆ ಏನೂ ಹೇಳಲಿಲ್ಲ. ಒಂದೇ ಡಬ್ಬಿಯ ಹಿಂಡಿ ತಿನ್ನುತ್ತ ಇಬ್ಬರೂ ಬಾಯಿ ಬಿಗಿಹಿಡಿದಿದ್ದೆವು.

ಆ ದಿನ ಸೋಮವಾರ. ಕಾಕಾ ಬ್ಯಾಂಕಿಗೆ ಹೋಗಿದ್ದರು. ನಮ್ಮಲ್ಲಿ ಟಪಾಲು ಬರುವ ರೀತಿ ಹೀಗಿತ್ತು: ಅಂಚೆಯವನು ಎಲ್ಲ ಲಕೋಟೆಗಳನ್ನೂ ಮೊದಲು ಗಾದಿಯ ಮೇಲೆ ಸಾವಕಾರರ ಕೈಗೇ ಕೊಡಬೇಕು. ಅವರು ಎಣಿಸುವರು, ಒಂದೊಂದನ್ನೂ ಬೆರಳಿಂದ ಒತ್ತಿ ದಪ್ಪ ನೋಡುವರು, ಆಮೇಲೆ ನನಗೆ ಕೊಡುವರು. ನಾನು ಒಡೆದು, ಕಾಗದದ ಬೆನ್ನಿಗೆ ಅದರ ಲಕೋಟೆಯನ್ನು ಟಾಚಣಿಯಿಂದ ಚುಚ್ಚಿ ಮರಳಿ ಒಯ್ಯಬೇಕು. ಇಂಗ್ಲಿಷು ಬಾರದವರು ಮೋಸಹೋಗದಿರಲು ಕಂಡುಕೊಂಡ ದಾರಿ ಅದು.

'ಏಳು ಅದಾವು,' ಅಂದರು. 'ಈ ಹಿಂಡಿ ಅಂಗಡೀದು ದಪ್ಪ ಐತಿ. ನಮ್ಮ ಸಣ್ಣಾಂವ ಒಬ್ಬ ಇಂಗ್ಲಿಷ್ ಕಾರಕೂನ ಬೇಕಂತ ಯಾವನಿಗೋ ಹೇಳಿದ್ದ. ಅದ ಇರಬೇಕು ನೋಡು.'

ಮೇಜಿಗೆ ಬಂದು ಆ ಲಕೋಟೆ ಒಡೆದೆ. ಮೇಲೆ ಮಾಸ್ತರರ ಪತ್ರ: ತಾವು ಕೇಳಿದಂತೆ ತಕ್ಕ ಅಭ್ಯರ್ಥಿಗಳ ಬಯೋಡೇಟಾ ಕಳಿಸಿದ್ದೇನೆ, ಪರಿಶೀಲಿಸಬೇಕು. ಎಷ್ಟು ಎಂದಿಲ್ಲ, ಯಾರ ಹೆಸರೂ ಇಲ್ಲ. ಅದರ ಕೆಳಗೆ ನನ್ನ ಬಯೋಡೇಟಾ.

ನನ್ನ ಹೆಸರು, ನಮ್ಮಪ್ಪನ ಹೆಸರು, ತಿಕೋಟಾ, ಈಗಿನ ನೌಕರಿ ಇಂಥಲ್ಲಿ. ಹಿಂಡಿ ಅಂಗಡಿಯ ಹೊಸ ಬೋರ್ಡು ನಮ್ಮ ಸಾವಕಾರರದೇ ಎಂದು ಮಾಸ್ತರರಿಗೆ ತಿಳಿದಿಲ್ಲ, ಅದು ಸರಿ. ತಿಳಿಯದ್ದಕ್ಕೇ ಅಲ್ಲವೇ ಕೇಳಿ ಕಳಿಸಿರಿ ಎಂದದ್ದು? ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ, ಅದು ನಮ್ಮದೇ ಮನೆ, ಬೇಡಿರಿ ಎಂದು. ಬೇಲಿಯೇ ಎದ್ದು ಹೊಲ ಮೇದಂತಾಗಿತ್ತು.

ನನ್ನ ಕಾಗದದ ಕೆಳಗೆ ಇನ್ನೊಂದಿತ್ತು. ಅದು ಕಾಕಾನದು.

ಕಾಕಾ ನನಗಿಂತ ಜಾಣರು. ಮಾಸ್ತರರ ಹೂಂ ನಂಬದೆ, ತಮ್ಮ ಷರತ್ತನ್ನು ಕಾಗದದ ಕಡೆಯ ಸಾಲಾಗಿ ಟೈಪು ಮಾಡಿಸಿದ್ದರು, ಐದೂ ಪ್ರತಿಯಲ್ಲಿ ಮೂಡಲಿ ಎಂದು: ನನ್ನನ್ನು ಮೊದಲು ಕೇಳದೆ ಈ ಕಾಗದವನ್ನು ಯಾವ ಮಾಲಕರಿಗೂ ತೋರಿಸಬಾರದು. ಆ ಸಾಲಿನ ಸಮೇತ ಕಾಗದ ಬಂದಿತ್ತು.

ಆಗ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಲಕೋಟೆ ಏಳು ಎಂದು ಸಾವಕಾರರು ಎಣಿಸಿದ್ದಾರೆ, ಒಂದನ್ನು ಮುಚ್ಚಿಡಲಾಗದು. ದಪ್ಪ ಇದೆ ಎಂದು ಒತ್ತಿ ನೋಡಿದ್ದಾರೆ, ಬರೀ ಪತ್ರ ಒಯ್ಯಲಾಗದು. ಒಳಗೆ ಒಂದಾದರೂ ಬಯೋಡೇಟಾ ಇರಲೇಬೇಕು. ಇರುವವು ಎರಡು. ಗಾದಿಯಿಂದ ಸಾವಕಾರರು ಕೆಮ್ಮಿದರು. ನಾನು ನನ್ನದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ತುರುಕಿದೆ. ಕಾಕಾನದನ್ನು ಪತ್ರಕ್ಕೆ ಚುಚ್ಚಿದೆ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಅಂದುಕೊಂಡೆ. ಮುಂಡಾಸು ಇನ್ನೊಬ್ಬರದು ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆನೆಂದು ಸುಳ್ಳು ಹೇಳಲಾರೆ.

ಏಳೂ ಕಾಗದ ಒಯ್ದು ಗಾದಿಯ ಮುಂದೆ ಕೂತೆ. ಮೊದಲಿನವು ಕುಸುಬಿ, ಡಬ್ಬಿ, ರೈಲ್ವೆ ರಸೀದಿಯವು. ಅವುಗಳನ್ನು ಓದಿ ಹೇಳುವಷ್ಟರಲ್ಲಿ ಕಾಕಾ ಬ್ಯಾಂಕಿನಿಂದ ಬಂದು, ಚಪ್ಪಲಿ ಕಳಚಿ, ತಮ್ಮ ಮೇಜಿಗೆ ಕೂತು ಕೊರಳಿನ ಬೆವರು ಒರೆಸಿಕೊಂಡರು. ಇಬ್ಬರು ಗಿರಾಕಿಗಳು ಚಹಾ ಕುಡಿಯುತ್ತಿದ್ದರು. ತೂಕದ ಕಡೆ ನಾಲ್ಕೈದು ಹಮಾಲರು.

'ಹಿಂಡಿ ಅಂಗಡೀದು ಓದು,' ಅಂದರು ಸಾವಕಾರರು. 'ಯಾರದು?'

ನಾನು ಹೆಸರು ಓದಿದೆ.

ಒಂದು ಕ್ಷಣ ಅವರಿಗೆ ತಿಳಿಯಲಿಲ್ಲ. ಆಮೇಲೆ ಕಾಕಾನ ಕಡೆ ನೋಡಿದರು. ಕಾಕಾ ಒರೆಸುತ್ತಿದ್ದ ವಸ್ತ್ರವನ್ನು ಕೊರಳಿಗೇ ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದರು.

'ಊರು?'

'ಬಬಲೇಶ್ವರ.'

'ಈಗ ಎಲ್ಲಿ ದುಡಿಯಾಕತ್ತಾನಂತ?'

ನಮ್ಮ ಎಣ್ಣೆ ಮಿಲ್ಲಿನ ಹೆಸರು ಓದಿದೆ. ಸಾವಕಾರರು ಲೋಡು ದಿಂಬಿಗೆ ಒರಗಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಹಬ್ಬದೂಟಕ್ಕೆ ಕೂತವರ ಹಾಗಿದ್ದರು. 'ಪೂರಾ ಓದಪಾ. ನಿಧಾನಕ ಓದು. ಎಲ್ಲಾರೂ ಕೇಳ್ಲಿ,' ಅಂದರು.

ಮಾಸ್ತರರ ನಮೂನೆಯಲ್ಲಿ ಈಗಿನ ಕೆಲಸ ಬಿಡಲು ಕಾರಣ ಎಂಬ ಸಾಲೊಂದಿತ್ತು. ನಾನು ಅಲ್ಲಿ ಉತ್ತಮ ಅವಕಾಶಕ್ಕಾಗಿ ಎಂದು ಎಲ್ಲರ ಹಾಗೆ ಬರೆಸಿದ್ದೆ. ಕಾಕಾ ಸುಳ್ಳು ಬರೆಸುವವರಲ್ಲ. 'ಮಾಲಕರ ಮಾತು ಈ ವಯಸ್ಸಿನಲ್ಲಿ ಸಹಿಸಲಾಗುತ್ತಿಲ್ಲ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಬಬಲೇಶ್ವರಕ್ಕೆ ಹತ್ತಿರದ ಯಾವ ಕೆಲಸವಾದರೂ ಆಗಬಹುದು.' ಇದನ್ನು ನಾನು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಹಮಾಲರ ಕೈ ನಿಂತಿತ್ತು.

'ಇನ್ನೂ ಏನರ ಐತೇನು?'

'ಒಂದ ಸಾಲು ಐತ್ರಿ.'

'ಅದನ್ಯಾಕ ಬಿಡತಿ?'

ನನ್ನನ್ನು ಕೇಳದೆ ಯಾವ ಮಾಲಕರಿಗೂ ತೋರಿಸಬಾರದು ಎಂಬ ಸಾಲನ್ನೂ ಓದಿದೆ. ಗಿರಾಕಿಗಳಲ್ಲೊಬ್ಬ ಮೂಗಿನಲ್ಲಿ ಚಹಾ ಹತ್ತಿಸಿಕೊಂಡ. ಸಾವಕಾರರು ಬಹಳ ಗೌರವದಿಂದ ಕಾಕಾನ ಕಡೆ ತಿರುಗಿದರು.

'ತಪ್ಪಾತಲ್ರಿ ನಮ್ಮಿಂದ. ಕೇಳಲಾರದ ನೋಡಿಬಿಟ್ವಿ. ಈಗ ಕೇಳ್ತೇವ್ರಿ ಗುಮಾಸ್ತರ, ನಿಮ್ಮ ಕಾಗದ ನೋಡಬಹುದೇನ್ರಿ?'

ಎಲ್ಲರೂ ನಕ್ಕರು. ಕಾಕಾ ಎದ್ದು ನಿಂತಿದ್ದರು. 'ನೋಡೀರಲ್ರಿ,' ಅಂದರು, ಅಷ್ಟೇ. ಕೂತು ಲೆಕ್ಕಣಿಕೆ ಕೈಗೆ ತೆಗೆದುಕೊಂಡರು. ಏನನ್ನೂ ಬರೆಯಲಿಲ್ಲ.

ಕೆಲಸದಿಂದ ತೆಗೆದಿದ್ದರೆ ಅದು ದಯೆಯಾಗುತ್ತಿತ್ತು. ಸಾವಕಾರರು ತೆಗೆಯಲಿಲ್ಲ. ಮರುದಿನದಿಂದ ಕಚೇರಿಗೆ ಒಂದು ಹೊಸ ಕಟ್ಟಳೆ ಬಂತು: ಗುಮಾಸ್ತರು ಕೇಳಲಾರದ ಏನೂ ಮಾಡಬಾರದು. ನೀರು ಕುಡಿಯಲು ಏಳುವ ಮೊದಲು ಗಾದಿಯ ಮುಂದೆ ಬಂದು ಕೇಳಬೇಕು. ಬುತ್ತಿ ಬಿಚ್ಚಲು ಕೇಳಬೇಕು. ಮೂತ್ರಕ್ಕೆ ಹೋಗಲು ಕೇಳಬೇಕು, ಸಾವಕಾರರು ಗಿರಾಕಿಯ ಸಂಗಡ ಮಾತು ಮುಗಿಸುವ ತನಕ ಕಾಲು ಜೋಡಿಸಿ ನಿಲ್ಲಬೇಕು. 'ನಿಮಗ ಕೇಳೂದಂದ್ರ ಭಾಳ ಸೇರತೈತಲ್ರಿ,' ಅನ್ನುವರು. ಮೂರನೆಯ ದಿನಕ್ಕೆ ಹಮಾಲರು ಕಲಿತುಬಿಟ್ಟರು. ಚೀಲ ಹೊತ್ತು ಹೋಗುವವರು ಕಾಕಾನ ಮೇಜಿನ ಮುಂದೆ ನಿಂತು, 'ಇಳಸಲೇನ್ರಿ? ನಿಮ್ಮ ಕೇಳಬೇಕಂತಲ್ರಿ,' ಅನ್ನತೊಡಗಿದರು. ಅವರ ಕೂಲಿಚೀಟಿಗಳನ್ನು ಇಪ್ಪತ್ತು ವರ್ಷ ತಪ್ಪಿಲ್ಲದೆ ಬರೆದುಕೊಟ್ಟವರು ಕಾಕಾ. ಸೋತವನ ಮೇಲೆ ಕಲ್ಲು ಹೊರಿಸಲು ಯಾರನ್ನೂ ಕರೆಯಬೇಕಾಗಿಲ್ಲ, ಅವರೇ ಬರುತ್ತಾರೆ.

ನಾನು? ನಾನು ಸುಮ್ಮನಿದ್ದೆ. ಒಂದು ಸಲ ನಕ್ಕೆ ಕೂಡ. ಸಾವಕಾರರು ನನ್ನನ್ನು ನೋಡುತ್ತಿದ್ದರು, ಅದಕ್ಕೆ ನಕ್ಕೆ. ಆ ವಾರವಿಡೀ ಅವರು ನನಗೆ ಕುರಿ ಅನ್ನಲಿಲ್ಲ. ಆ ನೆಮ್ಮದಿ ನನಗೆ ಹಿತವಾಗಿಯೇ ಇತ್ತು ಎಂದು ಹೇಳಲು ನನಗೀಗ ಹೇಸಿಗೆಯಾಗುತ್ತದೆ.

ಎಂಟನೆಯ ದಿನ, ಮಧ್ಯಾಹ್ನ, ಬಬಲೇಶ್ವರದಿಂದ ಬಂದವರೊಬ್ಬರು ಕಾಕಾನ ಹೆಂಡತಿ ಹಾಸಿಗೆಯಿಂದ ಬಿದ್ದಿದ್ದಾಳೆ ಎಂದು ಹೇಳಿದರು. ಕಾಕಾ ಗಾದಿಯ ಮುಂದೆ ಹೋಗಿ ನಿಂತು ಕೇಳಿದರು. ಸಾವಕಾರರು ಎಣ್ಣೆಯ ಮಾದರಿಯ ಬಾಟಲಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. 'ಹೇಳ್ತೇನಿ, ನಿಂದರ್ರಿ,' ಅಂದರು. ಒಂದು ಬಾಟಲಿ, ಎರಡು ಬಾಟಲಿ, ಮೂರು. ಮಧ್ಯಾಹ್ನದ ಬಸ್ಸಿನ ಹೊತ್ತು ಮೀರಿತು. ಆಗ ಕಾಕಾ ಕೇಳದೆ ಹೊರಟರು. ಕೊಡೆ, ಬುತ್ತಿಯ ಚೀಲ ತೆಗೆದುಕೊಂಡರು. ಮಸಿಕುಡಿಕೆಯ ಮುಚ್ಚಳ ಹಾಕಿದರು. ನನ್ನ ಮೇಜಿನ ಮುಂದಿಂದಲೇ ಹೋದರು, ನನ್ನ ಕಡೆ ನೋಡಲಿಲ್ಲ.

ಮರುದಿನ ಸಾವಕಾರರು ನನ್ನನ್ನು ಆ ಮೇಜಿಗೆ ಕೂಡಿಸಿದರು.

ಅದೇ ಸಂಜೆ ಮಾಸ್ತರರ ಕ್ಲಾಸಿಗೆ ಹೋಗಿ ಜಗಳ ತೆಗೆದೆ. ನನ್ನ ಪಾಪದ ಸಿಟ್ಟನ್ನೆಲ್ಲ ಅವರ ಮೇಲೆ ಹಾಕಿದೆ. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು.

'ನಿಮ್ಮ ಸಾವಕಾರ್ರಿಗೆ ನಾ ಎಲ್ಲಿ ಕೊಟ್ಟೇನೋ? ಹಿಂಡಿ ಅಂಗಡಿಗೆ ಕೊಟ್ಟೀನಿ. ಹೆಸರ ಬ್ಯಾರೆ ಇತ್ತು.'

'ಹೆಸರ ಕೇಳಬೇಕಿತ್ರಿ. ಅದಕ್ಕ ಅಂದಿದ್ದೆ ಕೇಳ್ರಿ ಅಂತ. ಕಾಕಾ ಅಂತೂ ಕಾಗದದಾಗ ಬರಸ್ಯಾರ.'

'ಎಲ್ಲಾರೂ ಹಂಗ ಅಂತಾರಪಾ. ತಿಂಗಳಿಗೆ ನಲವತ್ತು ಮಂದಿ ಬರ್ತೀರಿ. ಒಬ್ಬೊಬ್ಬರನ್ನ ಹುಡುಕ್ಕೋಂತ ತಿಕೋಟಾಕ್ಕ, ಬಬಲೇಶ್ವರಕ್ಕ ಹೋಗಲೇನು? ಅಂವ ಅರ್ಜೆಂಟ್ ಅಂದ. ಇಂಗ್ಲಿಷ್ ಬರೂವಂಥವ್ರು ನನ್ನ ಕಪಾಟಿನಾಗ ನೀವಿಬ್ಬರ ಇದ್ರಿ. ಛಲೋ ಆಗಲಿ ಅಂತ ಕಳಿಸಿದ್ನಿ.' ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. 'ಎರಡೂ ಒಂದ ಲಕೋಟೆದಾಗ ಹಾಕಿದ್ನಿ. ನಿಂದು ಏನಾತು?'

ನಾನು ಕಪಾಟಿನಲ್ಲಿ ಉಳಿದಿದ್ದ ನನ್ನ ನಾಲ್ಕು ಪ್ರತಿಗಳನ್ನು ಇಸಿದುಕೊಂಡು ಬಂದೆ. ಬಸ್ ನಿಲ್ದಾಣದ ಹಿಂದೆ ಹರಿದು ಹಾಕಿದೆ. ಅಲ್ಲಿಗೆ ನನ್ನ ನೌಕರಿ ಹುಡುಕಾಟ ಮುಗಿಯಿತು. ಆ ಮೇಜಿಗೆ ಮುಂದೆ ನಾಲ್ಕು ವರ್ಷ ಕೂತೆ.

ಆ ನಾಲ್ಕನೆಯ ವರ್ಷ ಕುಸುಬಿ ಖರೀದಿಗೆಂದು ಬಬಲೇಶ್ವರಕ್ಕೆ ಹೋಗಬೇಕಾಯಿತು. ಕೆಲಸ ಮುಗಿಸಿ ಬಸ್ಸಿಗೆ ನಿಂತಾಗ ಬೇವಿನ ಮರದ ಕೆಳಗೆ ಒಂದು ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತ ಕೂತ ಮುದುಕರು ಕಂಡರು. ಕಾಕಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಜಿನ ಮೇಲೆ ಅದೇ ನಮೂನೆಯ ಮಸಿಕುಡಿಕೆ. ಓಡಿಹೋಗೋಣ ಅನಿಸಿತು. ಅಷ್ಟರಲ್ಲಿ ಅವರೇ ಕರೆದರು.

'ಬಾ ತಮ್ಮಾ. ಕೂಡು. ಬಸ್ ಬರಾಕ ಇನ್ನೂ ಹೊತ್ತೈತಿ.'

ಕೂತೆ. ಮನೆಯ ಕಡೆ ಹೇಗಿದ್ದಾರೆ ಎಂದು ಕೇಳಿದೆ. 'ಆಕಿ ಹೋಗಿ ಮೂರ ವರ್ಷ ಆತು,' ಅಂದರು. 'ಅವತ್ತು ಬಿದ್ದಾಕಿ ಮ್ಯಾಲೇಳಲಿಲ್ಲ.' ಆಮೇಲೆ ನನ್ನ ಸಾವಕಾರರ ಆರೋಗ್ಯ ಕೇಳಿದರು, ಹಮಾಲರ ಹೆಸರು ಹಿಡಿದು ಒಬ್ಬೊಬ್ಬರನ್ನೂ ಕೇಳಿದರು. ನನಗೆ ತಡೆಯಲಾಗಲಿಲ್ಲ.

'ಕಾಕಾ, ಆ ಲಕೋಟೆದಾಗ ನಂದೂ ಇತ್ರಿ.'

'ಗೊತ್ತೈತಿ. ಮಾಸ್ತರ ಹೇಳಿದ.'

'ನಾ ನಂದು ತಗದಿಟ್ಕೊಂಡೆ.'

'ತಗೀಲಾರದ ಏನ ಮಾಡ್ತಿ? ವಯಸ್ಸಿನಾಂವ. ನಾನೂ ತಗೀತಿದ್ದೆ.' ಲೆಕ್ಕಣಿಕೆಯ ತುದಿಯನ್ನು ವಸ್ತ್ರದಿಂದ ಒರೆಸಿದರು. 'ಅದಕ್ಕ ನನಗೇನೂ ಇಲ್ಲ ತಮ್ಮಾ. ಬ್ಯಾರೆ ಒಂದ ಮಾತು ನಾಕ ವರ್ಷಾತು ತಲ್ಯಾಗ ಕುಂತೈತಿ, ಕೇಳಲೇನು?'

ಕೇಳಿರಿ ಅಂದೆ.

'ಅಲ್ಲಿ ಇಂಗ್ಲಿಷ್ ಬರ್ತಿದ್ದದ್ದು ನಮ್ಮಿಬ್ಬರಿಗೆ. ನೀ ಓದಾಕತ್ತಿದಾಗ ನಾ ನಿನ್ನ ಮಾರಿ ನೋಡ್ಕೋಂತ ಕುಂತಿದ್ನಿ. ಈಗ ಬ್ಯಾರೆ ಹೆಸರ ಓದ್ತಾನ, ಈಗ ಬ್ಯಾರೆ ಊರ ಓದ್ತಾನ ಅಂತ. ಕನಮಡಿ ಅಂದಿದ್ರೂ ನಡೀತಿತ್ತು. ಆ ಸಾವಕಾರಗ ಏನ ತಿಳೀತಿತ್ತು?'

ಏನೆಂದು ಹೇಳಲಿ? ಹೆದರಿದ್ದೆ ಎನ್ನಬಹುದಿತ್ತು, ಅದು ಅರ್ಧ ನಿಜ. ಓದುವಾಗ ನನಗೆ ಹೆದರಿಕೆ ಇರಲಿಲ್ಲ. ನನ್ನ ಕಾಗದ ಅಂಗಿಯೊಳಗಿತ್ತು. ಎಲ್ಲರೂ ಕೇಳುತ್ತಿದ್ದರು, ಸಾವಕಾರರು ತಲೆದೂಗುತ್ತಿದ್ದರು, ಚೆನ್ನಾಗಿ ಓದುತ್ತಿದ್ದೇನೆ ಎಂದು ನನಗನಿಸಿತ್ತು.

ಬಸ್ಸು ಬಂತು. ಕಾಕಾ ನನ್ನ ಚೀಲ ಎತ್ತಿ ಕೈಗೆ ಕೊಟ್ಟರು. ಕಿಟಕಿಯ ಪಕ್ಕ ಕೂತು ನೋಡಿದರೆ ಅವರಾಗಲೇ ಯಾರದೋ ಅರ್ಜಿಗೆ ಬಗ್ಗಿದ್ದರು. ಅವರು ಕಲಿಸಿದ ಹಾಗೆಯೇ ನಾನು ಓದಿದ್ದೆ. ಒಂದಕ್ಷರ ಬಿಟ್ಟಿರಲಿಲ್ಲ, ಒಂದಕ್ಷರ ಕೂಡಿಸಿರಲಿಲ್ಲ.